ಹಳೇ ವಿದ್ಯಾರ್ಥಿ ಸಂಘದ ದೇಣಿಗೆ ಪತ್ರ: ಯಾರಾದ್ರೂ ತಿದ್ದಿ ಗೆದ್ದಿದ್ದೀರಾ?

ಕೇಳಿದವರು: ಸಂಘದ ಹೊಸ ಕಾರ್ಯದರ್ಶಿ
ನಮ್ಮದು ಸರ್ಕಾರಿ ಹೈಸ್ಕೂಲು. ಗ್ರೂಪಿನಲ್ಲಿ 212 ಜನ ಇದ್ದಾರೆ, ಪತ್ರ ಹಾಕಿದ ಮೇಲೆ ಹಣ ಕೊಟ್ಟವರು 9 ಜನ. ಪತ್ರದ ಮುಖ್ಯ ಸಾಲು ಇದು: "ನಾವು ಕಲಿತ ಜ್ಞಾನದೇಗುಲದ ಸರ್ವಾಂಗೀಣ ಅಭಿವೃದ್ಧಿಗೆ ತನು ಮನ ಧನದಿಂದ ಸಹಕರಿಸಬೇಕಾಗಿ ವಿನಂತಿ." ಮಾಡು ಸೋರುತ್ತೆ, ಲ್ಯಾಬ್ ಇಲ್ಲ, ಶೌಚಾಲಯವೂ ಆಗಬೇಕು. ಹೇಗೆ ತಿದ್ದಲಿ?

ಹಳೇ ಖಜಾಂಚಿ
ನಮ್ಮ ಮೊದಲ ಪತ್ರದಲ್ಲೂ ತನು ಮನ ಧನ ಇತ್ತು. ಬಂದದ್ದು 11,000 ರೂ., ಅದರಲ್ಲಿ 5,000 ಅಧ್ಯಕ್ಷರದ್ದೇ. ಎರಡನೇ ಸಲ ಬರೆಯುವ ಮೊದಲು ಶಾಲೆಗೆ ಹೋಗಿ ಎಂಟನೇ ಕ್ಲಾಸಿನ ಹಿಂದೆ ಒಂದು ಪೀರಿಯಡ್ ಕೂತೆ. ನಮ್ಮಲ್ಲೂ ಬೇಡಿಕೆ ಐದಾರಿದ್ದವು. ಡೆಸ್ಕ್ ಒಂದನ್ನೇ ಇಟ್ಟುಕೊಂಡು ಉಳಿದದ್ದೆಲ್ಲ ಹೊಡೆದುಹಾಕಿದೆ. ಆಗ ಬರೆದದ್ದು ಇದು:

"ಎಂಟನೇ ಕ್ಲಾಸಿನಲ್ಲಿ 38 ಮಕ್ಕಳು ನೆಲದ ಮೇಲೆ ಕೂರುತ್ತಾರೆ. ತೊಡೆ ಮೇಲೆ ಬ್ಯಾಗು, ಬ್ಯಾಗಿನ ಮೇಲೆ ಪುಸ್ತಕ. ಕೈವಾರದಲ್ಲಿ ವೃತ್ತ ಎಳೆಯುವಾಗ ಪುಸ್ತಕ ಜಾರುತ್ತದೆ. ಶುರು ಮಾಡಿದ ಕಡೆಗೆ ಗೆರೆ ವಾಪಸ್ ಬಂದು ಸೇರುವುದಿಲ್ಲ. 4,600 ರೂಪಾಯಿಗೆ ಮೂರು ಮಕ್ಕಳು ಕೂರುವ ಒಂದು ಡೆಸ್ಕ್ ಬರುತ್ತದೆ. ಮೂರು ಕೋಣೆಗೆ 40 ಬೇಕು. ಜೂನ್‌ಗೆ ಮೊದಲು ನಿಮ್ಮಿಂದ ಒಂದು ಆಗುತ್ತದಾ?"

ಆರು ವಾರದಲ್ಲಿ 40 ಜನ ಕೊಟ್ಟರು, 1,84,000. ಆಮೇಲೆ ನನ್ನ ಗ್ರಹಚಾರ ನೋಡಿ. ಆ 4,600 ಅಂಗಡಿಯವರು ಬಾಯಲ್ಲಿ ಹೇಳಿದ ರೇಟು. ಜಿಎಸ್‌ಟಿ 18% ಸೇರಿಸಿದರೆ 5,428. ಲಾರಿಗೆ 9,500 ಬೇರೆ. ಕೊನೆಗೆ ಬಂದದ್ದು 33 ಡೆಸ್ಕು, ನನ್ನ ಜೇಬಿಂದ ಹೋದದ್ದು 4,624. ಬರವಣಿಗೆಯಲ್ಲಿ ಕೊಟೇಶನ್ ತಗೊಂಡು 5,700 ಅಂತ ಬರೆದಿದ್ದರೆ ಮುಗಿದಿತ್ತು.

94ರ ಬ್ಯಾಚ್
ಆ ಏಳು ಜನ ಬಿಟ್ಟರಾ? ನಾವು ಪತ್ರದಲ್ಲೇ "ಪ್ರತಿ ಡೆಸ್ಕಿನ ಮೇಲೂ ದಾನಿಗಳ ಹೆಸರು" ಅಂತ ಹಾಕಿದ್ವಿ. ದುಡ್ಡು ಹರಿದು ಬಂತು. ಹೆಸರಿಲ್ಲದೆ ಯಾರೂ ಕೊಡಲ್ಲ.

ಹಳೇ ಖಜಾಂಚಿ
ಬಿಡಲಿಲ್ಲ. "ನನ್ನ ಡೆಸ್ಕ್ ಎಲ್ಲಿ?" ಅಂತ ಒಬ್ಬರು ಎರಡು ವರ್ಷ ಕೇಳಿದರು. ನಾನು ಹೆಸರಿನ ಮಾತೇ ಎತ್ತಿರಲಿಲ್ಲ.

ನಿವೃತ್ತ ಟೀಚರ್
ಹೆಸರು ಹಾಕಿಸಿ, ನಿಮ್ಮಿಷ್ಟ. ಆದರೆ ಪತ್ರದಲ್ಲಿ ಮಗುವಿನ ಫೋಟೋ, ಹೆಸರು ಹಾಕಬೇಡಿ. ನಮ್ಮ ಸಂಘದವರು ಒಬ್ಬ ಹುಡುಗಿಯ ಹರಿದ ಚಪ್ಪಲಿ ತೋರಿಸಿದರು. ದುಡ್ಡೇನೋ ಬಂತು. ಫೋಟೋ ಊರೆಲ್ಲ ಫಾರ್ವರ್ಡ್ ಆಗಿ ಹುಡುಗಿ ಎರಡು ವಾರ ಶಾಲೆಗೇ ಬರಲಿಲ್ಲ. ಖಜಾಂಚಿಯವರ ಕೈವಾರ ನೋಡಿ, ಯಾರ ಮಾನವೂ ಹೋಗಿಲ್ಲ.

94ರ ಬ್ಯಾಚ್
ಮೇಡಂ, ನಾನು ಫೋಟೋ ಬಗ್ಗೆ ಹೇಳಿದ್ನಾ? ಸುಮ್ನೆ ನನ್ನ ತಲೆಗೆ ಕಟ್ಟಬೇಡಿ.

ಟ್ಯಾಕ್ಸ್ ಶಿವು
ಈ ಕಣ್ಣೀರೆಲ್ಲ ಬೇಡ. ಮೊದಲ ಸಾಲಲ್ಲೇ "80ಜಿ ವಿನಾಯಿತಿ ಇದೆ" ಅಂತ ದಪ್ಪಕ್ಷರದಲ್ಲಿ ಹಾಕಿ. ಜನ ಕೊಡೋದೇ ತೆರಿಗೆ ಉಳಿಸೋಕೆ.

ಹಳೇ ಖಜಾಂಚಿ
ಅರ್ಧ ಸರಿ ಶಿವು. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಆ ವಿನಾಯಿತಿ ಸಿಗಲ್ಲ. 2,000ಕ್ಕಿಂತ ಜಾಸ್ತಿ ನಗದು ಕೊಟ್ಟವರಿಗೂ ಇಲ್ಲ. ಸಂಘಕ್ಕೆ 80ಜಿ ನೋಂದಣಿ ಇದ್ದರೆ ಕೊನೆಯಲ್ಲಿ ಖಾತೆ ವಿವರದ ಜೊತೆ ಒಂದು ಸಾಲು ಸಾಕು. ಇಲ್ಲದೇ ಹಾಕಿದರೆ ಸುಳ್ಳು ಹೇಳಿದ ಹಾಗೆ.

ಅಮೆರಿಕದಿಂದ
ಹಣ ಕಳಿಸೋದು ಹೇಗೆ ಅಂತ ತಾನೇ ಪ್ರಶ್ನೆ? ನನ್ನ ಕಥೆ ಕೇಳಿ. 500 ಡಾಲರ್ ಕಳಿಸಿದೆ, ಸಂಘದವರು ವಾಪಸ್ ಮಾಡಿದರು. ನಾನು ಈಗ ಅಮೆರಿಕದ ಪ್ರಜೆ, ವಿದೇಶಿಯರ ದೇಣಿಗೆ ತಗೊಳ್ಳೋಕೆ ಬೇಕಾದ ಎಫ್‌ಸಿಆರ್‌ಎ ನೋಂದಣಿ ಅವರಿಗೆ ಇಲ್ಲ. ನನ್ನ ಗೆಳೆಯನದು ಇನ್ನೂ ಭಾರತದ ಪಾಸ್‌ಪೋರ್ಟು, ಅವನ ಉಳಿತಾಯದ ಹಣ ತಗೊಂಡರು. ಕಳಿಸೋ ಮೊದಲೇ ಪತ್ರದಲ್ಲಿ ಇದನ್ನು ಹೇಳಬಾರದಿತ್ತಾ? ವರ್ಗಾವಣೆ ಶುಲ್ಕ ಎರಡು ಕಡೆಯೂ ನನ್ನದೇ ಹೋಯ್ತು.

ಸಂಘದ ಹೊಸ ಕಾರ್ಯದರ್ಶಿ
ನಿನ್ನೆ ಹೋಗಿ ಕೂತು ಬಂದೆ ಸಾರ್. ಒಂಬತ್ತನೇ ಕ್ಲಾಸಿನ ಕರಿಹಲಗೆ ಎಡಗಡೆ ಅರ್ಧ ಒದ್ದೆ. ಟೀಚರ್ ಬಲಗಡೆ ಅರ್ಧದಲ್ಲೇ ಬರೀತಾರೆ, ತುಂಬಿದ ತಕ್ಷಣ ಅಳಿಸ್ತಾರೆ. ಮಕ್ಕಳು "ಮಿಸ್ ಮಿಸ್, ಇನ್ನೂ ಬರ್ಕೊಂಡಿಲ್ಲ" ಅಂತಾರೆ. ಮಾಡು ಒಂದನ್ನೇ ಕೇಳೋಣ ಅಂತಿದ್ದೀನಿ. ಆದರೆ ಹೆಡ್‌ಮಾಸ್ಟರು ಲ್ಯಾಬ್ ಸೇರಿಸಲೇಬೇಕು ಅಂತ ಹಿಡಿದಿದ್ದಾರೆ. ಮಾಡನ್ನು ಡೆಸ್ಕಿನ ಹಾಗೆ ಒಬ್ಬೊಬ್ಬರಿಗೆ ಹಂಚೋದು ಹೇಗೆ?

ಹಳೇ ಖಜಾಂಚಿ
ಒಂದು ಶೀಟ್ ಅಂತ ಹಂಚಿ. ಮರ, ಮೊಳೆ, ಕೂಲಿ, ಲಾರಿ ಎಲ್ಲ ಕೂಡಿಸಿ ಶೀಟಿನ ಲೆಕ್ಕಕ್ಕೆ ಭಾಗಿಸಿ. ಲ್ಯಾಬ್ ಮುಂದಿನ ವರ್ಷದ ಪತ್ರಕ್ಕೆ.

94ರ ಬ್ಯಾಚ್
ಶೀಟಿನ ಮೇಲೆ ಹೆಸರು ಬರೆಸಿದರೆ ಯಾರಿಗೆ ಕಾಣುತ್ತೆ, ಕಾಗೆಗಾ?

ನಿವೃತ್ತ ಟೀಚರ್
ಅದೇ ಒಳ್ಳೇದು.