ಎರೆ ಮಣ್ಣಿನಲ್ಲಿ 1.8 ಕಿ.ಮೀ. ಪಂಪಿಂಗ್ ಲೈನ್: ಯಾವ ಪೈಪ್ ಹಾಕಲಿ?

ಕೇಳಿದವರು: ಪಂಪ್‌ಹೌಸ್‌ನಿಂದ ಗುಡ್ಡದ ಮೇಲಿನ ಟ್ಯಾಂಕಿಗೆ 1.8 ಕಿ.ಮೀ. ಲೈನ್. ಎತ್ತರ 62 ಮೀಟರ್, ಸೆಕೆಂಡಿಗೆ 12 ಲೀಟರ್ ನೀರು. ಮೊದಲ 1.2 ಕಿ.ಮೀ. ಎರೆ ಮಣ್ಣು, ಮೇಲೆ ಬಂಡೆ. ಪ್ಲಾಸ್ಟಿಕ್ಕಿನ ಪಿವಿಸಿ, ಎಚ್‌ಡಿಪಿಇ, ಕಬ್ಬಿಣದ ಡಿಐ, ಜಿಐ, ಇದರಲ್ಲಿ ಯಾವುದು? ಹಾಕಿದವರು ಅನುಭವ ಹೇಳಿ.

ಗುತ್ತಿಗೆದಾರರು: 62 ಮೀಟರ್ ಅಂದ್ರೆ 6.2 ಕೆಜಿ ಪ್ರೆಷರ್. 160 ಎಂಎಂ, 10 ಕೆಜಿ ಪಿವಿಸಿ ಹಾಕಿ, ಧಾರಾಳ ಸಾಕು. ಜಿಐ ಮಾತ್ರ ಮಣ್ಣಿನೊಳಗೆ ಬೇಡ. ಥ್ರೆಡ್ ಕೊರೆದ ಜಾಗದಲ್ಲಿ ಸತುವಿನ ಲೇಪ ಹೋಗಿರುತ್ತದೆ, ಗೋಡೆಯೂ ತೆಳುವಾಗಿರುತ್ತದೆ. ಮೊದಲು ತೂತು ಬೀಳೋದು ಅಲ್ಲೇ.

ನಿವೃತ್ತ ಇಂಜಿನಿಯರ್: ಜಿಐ ಬಗ್ಗೆ ನೀವು ಹೇಳಿದ್ದು ಸರಿ ಸರ್. ಆದರೆ 6.2 ಕೆಜಿ ಬರೀ ಎತ್ತರದ ಲೆಕ್ಕ. ಪೈಪಿನೊಳಗಿನ ಘರ್ಷಣೆಗೆ ಇನ್ನೊಂದು 8 ಮೀಟರ್ ಹಿಡಿಯಿರಿ, ಪಂಪ್ ಓಡುವಾಗ 70 ಮೀಟರ್ ಆಯಿತು.

ನಿಜವಾದ ಪೆಟ್ಟು ಬೀಳೋದು ಕರೆಂಟ್ ಹೋದಾಗ. ಪಂಪ್ ನಿಲ್ಲುತ್ತದೆ, ಮೇಲೇರುತ್ತಿದ್ದ ನೀರು ಹಿಂದಕ್ಕೆ ಬಂದು ನಾನ್ ರಿಟರ್ನ್ ವಾಲ್ವಿಗೆ ಬಡಿಯುತ್ತದೆ. ಪೈಪ್ ಗಟ್ಟಿ ಇದ್ದಷ್ಟೂ ಆ ಹೊಡೆತ ಜಾಸ್ತಿ. ನೀರಿನ ವೇಗ ಸೆಕೆಂಡಿಗೆ 0.8 ಮೀಟರ್ ಇದ್ದರೆ ಡಿಐಯಲ್ಲಿ ಸುಮಾರು 95 ಮೀಟರ್, ಪಿವಿಸಿಯಲ್ಲಿ 30ರ ಆಸುಪಾಸು, ಎಚ್‌ಡಿಪಿಇಯಲ್ಲಿ ಇನ್ನೂ ಕಡಿಮೆ.

ಇದನ್ನು 70ಕ್ಕೆ ಕೂಡಿಸಿ ನೋಡಿ. ಪಿವಿಸಿ ಸರಿಯಾಗಿ 100ರ ಅಂಚಿಗೆ ಬಂದು ನಿಲ್ಲುತ್ತದೆ. ಒಂದು ಸಲ ತಡೆದುಕೊಳ್ಳುತ್ತದೆ, ಆದರೆ ದಿನಕ್ಕೆ ಹತ್ತು ಸಲ ಕರೆಂಟ್ ಹೋಗಿ ಬಂದರೆ ವರ್ಷಗಳಲ್ಲಿ ಪೈಪ್ ದಣಿದು ಸೀಳುತ್ತದೆ. ಡಿಐಗೆ 165 ಮೀಟರ್ ಏನೂ ಅಲ್ಲ.

ಹಾಗಂತ ಡಿಐ ಎಂದು ಮುಗಿಸಬೇಡಿ. ಎರೆ ಮಣ್ಣು ತೇವ ಹಿಡಿದುಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಮಣ್ಣಿನ ವಿದ್ಯುತ್ ರೋಧ ಅಳೆಸಿ. 1500 ಓಮ್-ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಪಾಲಿಥೀನ್ ತೋಳು ಹೊದಿಸದೆ ಹೂಳಬೇಡಿ. ನಾವು ಒಂದು ಲೈನ್ ಅಗೆಸಿದಾಗ ತೂತು ಇದ್ದದ್ದು ತೋಳು ಹರಿದಿದ್ದ ಅಂಗೈ ಅಗಲದ ಜಾಗದಲ್ಲಿ. ಸುತ್ತಲ ಪೈಪ್ ಹೊಸದರಂತೆ ಇತ್ತು. ಇಳಿಸುವಾಗ ಹಗ್ಗ ಉಜ್ಜಿ ಹರಿದಿತ್ತು, ಯಾರೂ ಟೇಪ್ ಸುತ್ತಿರಲಿಲ್ಲ.

ಮನೆ ಕಟ್ಟಿಸುತ್ತಿರುವವರು: ನಮ್ಮ ಹಳೇ ಮನೆಯಲ್ಲಿ ಜಿಐ ಇತ್ತು. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಮೊದಲು ಕೆಂಪು ನೀರೇ. ಎರಡನೇ ಮಹಡಿಗೆ ಅರ್ಧ ಇಂಚು ಸಾಕಾ, ಮುಕ್ಕಾಲು ಇಂಚು ಬೇಕಾ?

ನಿವೃತ್ತ ಇಂಜಿನಿಯರ್: ಅದು ಬೇರೆ ಲೆಕ್ಕ ಅಮ್ಮಾ, ಇಲ್ಲಿ ಕೇಳಿರೋದು ಮೇನ್ ಲೈನ್. ನಿಮ್ಮದನ್ನು ಬೇರೆಯಾಗಿ ಕೇಳಿ, ಖಂಡಿತ ಹೇಳುತ್ತೇನೆ.

ವೆಲ್ಡಿಂಗ್ ಮಾಡುವವರು: ಎರೆ ಮಣ್ಣಿಗೆ ಎಚ್‌ಡಿಪಿಇಯೇ ಸರಿ ಅಣ್ಣ. ಬೇಸಿಗೆಯಲ್ಲಿ ನೆಲ ಬಿರಿಯುತ್ತೆ, ಮಳೆಗೆ ಉಬ್ಬುತ್ತೆ. ಅಂಟು ಹಾಕಿದ ಪಿವಿಸಿ ಕಾಲರ್ ಪಕ್ಕದಲ್ಲಿ ಬಳೆ ಒಡೆದ ಹಾಗೆ ಸುತ್ತಲೂ ಕತ್ತರಿಸಿಕೊಂಡಿರೋದನ್ನ ಎಷ್ಟೋ ಸಲ ಅಗೆದು ತೆಗೆದಿದ್ದೀನಿ. ಪಿವಿಸಿನೇ ಹಾಕೋದಾದರೆ ರಬ್ಬರ್ ರಿಂಗ್ ಜಾಯಿಂಟ್ ಹಾಕಿ, ಸ್ವಲ್ಪ ಅಲ್ಲಾಡೋಕೆ ಜಾಗ ಇರುತ್ತೆ.

ಎಚ್‌ಡಿಪಿಇಯಲ್ಲಿ ಪೈಪ್ ಕೈಕೊಡಲ್ಲ, ಜಾಯಿಂಟ್ ಕೈಕೊಡುತ್ತೆ. ಪೈಪಿನ ತುದಿ ಕಾಯಿಸೋ ಮಿರರ್ ತಟ್ಟೆ 210ರಿಂದ 220 ಡಿಗ್ರಿ ಇರಬೇಕು. ತುದಿ ಕೆತ್ತಿದ ಮೇಲೆ ಬೆರಳು ತಾಗಿಸಬಾರದು. ಗಾಳಿ ಬೀಸಿದರೆ ಅಡ್ಡ ಕಟ್ಟಿ. ಒತ್ತಿ ಹಿಡಿದ ಮೇಲೆ ತಣ್ಣಗಾಗುವ ತನಕ ಕ್ಲ್ಯಾಂಪ್ ಬಿಚ್ಚಬೇಡಿ, ಅವಸರ ಮಾಡೋದೇ ಇಲ್ಲಿ. ಸುತ್ತ ಎದ್ದ ಉಂಗುರ ಎರಡೂ ಕಡೆ ಒಂದೇ ದಪ್ಪ ಇದೆಯಾ ನೋಡಿ. ಒಂದು ಕಡೆ ತೆಳ್ಳಗಿದ್ದರೆ ಕತ್ತರಿಸಿ ಮತ್ತೆ ಮಾಡಿಸಿ.

ಕೇಳಿದವರು: ತುಂಬಾ ಉಪಕಾರ. ಹಾಗಾದರೆ ಬಂಡೆ ಇರುವ ಕೊನೆಯ 600 ಮೀಟರಿಗೂ ಎಚ್‌ಡಿಪಿಇ ಇರಲಾ?

ನಿವೃತ್ತ ಇಂಜಿನಿಯರ್: ನಾನಾದರೆ ಅಲ್ಲಿ ಡಿಐಗೆ ಹೋಗುತ್ತೇನೆ. ಬಂಡೆ ಮೇಲೆ ಪ್ಲಾಸ್ಟಿಕ್ ಮಲಗಿಸಬೇಕಾದರೆ ಕೆಳಗೆ 150 ಎಂಎಂ ಮರಳೋ ಜರಡಿ ಹಿಡಿದ ಮಣ್ಣೋ ಬೇಕು. ಇಳಿಜಾರಿನಲ್ಲಿ ಅದು ಎರಡು ಮಳೆಗೆ ಕೊಚ್ಚಿ ಹೋಗುತ್ತದೆ. ಆಮೇಲೆ ಒಂದು ಚೂಪು ಕಲ್ಲು ಸಾಕು.

ವೆಲ್ಡಿಂಗ್ ಮಾಡುವವರು: ಕ್ಷಮಿಸಿ ಸರ್, ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಎರಡು ಪೈಪ್ ಸೇರಿಸೋ ಜಾಗವೇ ದೊಡ್ಡ ತಲೆನೋವು. ಎಚ್‌ಡಿಪಿಇ ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುತ್ತೆ. ಮಧ್ಯಾಹ್ನದ ಬಿಸಿಯಲ್ಲೇ ಜೋಡಿಸಿ ಮುಚ್ಚಿದ್ದ ಒಂದು ಲೈನಿನಲ್ಲಿ, ಬೆಳಿಗ್ಗೆ ನೋಡಿದರೆ ಡಿಐ ಸಾಕೆಟ್ಟಿನಿಂದ ತುಂಡು ನಾಲ್ಕು ಬೆರಳು ಹೊರಗೆ ಬಂದಿತ್ತು. ಇಳಿಜಾರಿನಲ್ಲಿ ಅಲ್ಲಲ್ಲಿ ಅಡ್ಡ ಗೋಡೆ ಕಟ್ಟಿದರೆ ಮರಳೂ ನಿಲ್ಲುತ್ತೆ.

ನಿವೃತ್ತ ಇಂಜಿನಿಯರ್: ಹೊರಗೆ ಬರುತ್ತದೆ, ನಿಜ. ಅದಕ್ಕೇ ಸೇರುವ ಜಾಗದಲ್ಲಿ ಫ್ಲ್ಯಾಂಜ್ ಹಾಕಿ, ಎಚ್‌ಡಿಪಿಇ ಕಡೆ ಕಾಂಕ್ರೀಟ್ ಬ್ಲಾಕಿನಲ್ಲಿ ಹಿಡಿಸಬೇಕು. ಡಿಐ ಬೆಂಡುಗಳಿಗಂತೂ ಬ್ಲಾಕ್ ಬೇಕೇ ಬೇಕು. ಅಡ್ಡ ಗೋಡೆ ಒಳ್ಳೆಯದೇ, ಆದರೆ ಬಂಡೆ ಒಡೆದ ಟ್ರೆಂಚಿನಲ್ಲಿ ಕೆಲಸದವರು ಕಲ್ಲನ್ನೇ ವಾಪಸ್ ತುಂಬದ ಹಾಗೆ ನಿಂತು ನೋಡುವವರು ಯಾರು?

ಕೇಳಿದವರು: ನಾನೇ ನಿಲ್ಲುತ್ತೇನೆ ಸರ್. ಮೊದಲು ಮಣ್ಣು ಅಳೆಸುತ್ತೇನೆ. ಆ 600 ಮೀಟರ್ ಉದ್ದಕ್ಕೂ ನಡೆದು, ಎಲ್ಲೆಲ್ಲಿ ಬಂಡೆ ಮೇಲೆದ್ದಿದೆ ಅಂತ ಗುರುತು ಹಾಕಿಕೊಂಡು ಮತ್ತೆ ಬರೆಯುತ್ತೇನೆ.