ಹುಬ್ಬಳ್ಳಿಯಿಂದ ಪುಣೆಗೆ ಮನೆ ಸಾಗಿಸಿದವರು ಅನುಭವ ಹೇಳಿ

"ಹಿಂಜವಡಿಯಲ್ಲಿ ಕೆಲಸ ಸಿಕ್ಕಿದೆ, ಇನ್ನು ನಾಲ್ಕು ವಾರಕ್ಕೆ ಸೇರಬೇಕು. ನಾನು, ಹೆಂಡತಿ, ಸಣ್ಣ ಮಗು. ಫ್ರಿಜ್, ವಾಷಿಂಗ್ ಮಷಿನ್, ಗ್ಯಾಸ್, ಒಂದು ಸ್ಕೂಟರ್ ಇದೆ. ಯಾವುದನ್ನು ಮೊದಲು ಮಾಡಲಿ?"

ಬಾಣೇರ್ ಅಕ್ಕ: ನಾವು ಧಾರವಾಡದಿಂದ ಬಂದವರು. ಮೊದಲನೇ ವಾರ ಒಬ್ಬರೇ ಬಂದು ಮನೆ ನೋಡಿ ಹೋಗಿ, ಸಾಮಾನಿನ ಮಾತು ಆಮೇಲೆ. ನಮ್ಮ ಕಡೆ ಹನ್ನೊಂದು ತಿಂಗಳ ಕರಾರು ಅಂತ ಛಾಪಾ ಕಾಗದದ ಮೇಲೆ ಸಹಿ ಹಾಕಿ ಮುಗಿಸಿಬಿಡುತ್ತಾರೆ. ಮಹಾರಾಷ್ಟ್ರದಲ್ಲಿ ಹಾಗೆ ನಡೆಯುವುದಿಲ್ಲ. ಹನ್ನೊಂದು ತಿಂಗಳದ್ದಾದರೂ ಲೀವ್ ಅಂಡ್ ಲೈಸೆನ್ಸ್ ಕರಾರು ನೋಂದಣಿ ಆಗಲೇಬೇಕು, ಮಾಡಿಸುವ ಜವಾಬ್ದಾರಿ ಮನೆ ಮಾಲೀಕರದ್ದು. ಏಜೆಂಟ್ ಮನೆಗೇ ಬಂದು ಆಧಾರ್ ಮೇಲೆ ಬೆರಳಚ್ಚು ತೆಗೆದುಕೊಂಡು ಆನ್‌ಲೈನಲ್ಲೇ ಮಾಡಿಕೊಡುತ್ತಾನೆ. ನಮ್ಮ ಮಾಲೀಕರು "ಆಮೇಲೆ ಮಾಡೋಣ" ಅಂತ ತಳ್ಳುತ್ತಾ ಬಂದರು. ಅಷ್ಟು ದಿನ ಸೊಸೈಟಿಯವರು ಪಾರ್ಕಿಂಗ್ ಸ್ಟಿಕರ್ ಕೊಡಲಿಲ್ಲ, ಗ್ಯಾಸ್ ಏಜೆನ್ಸಿಯವರು ವಿಳಾಸದ ದಾಖಲೆ ಇಲ್ಲ ಅಂದರು. ಮಗುವಿನ ಹಾಲನ್ನು ಇಂಡಕ್ಷನ್ ಒಲೆ ಮೇಲೆ ಕಾಯಿಸಬೇಕಾಯಿತು. ನೋಂದಣಿ ಆದ ಪ್ರತಿ ಕೈಗೆ ಬರದೆ ಪೂರ್ತಿ ಡಿಪಾಸಿಟ್ ಕೊಡಬೇಡಿ.

ಗ್ಯಾಸಿನದ್ದು ಊರು ಬಿಡುವ ವಾರ ಮಾಡಿ. ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಹುಬ್ಬಳ್ಳಿ ಏಜೆನ್ಸಿಗೆ ಒಪ್ಪಿಸಿ ಟಿ.ವಿ. ಅಂದರೆ ಟರ್ಮಿನೇಶನ್ ವೌಚರ್ ಕಾಗದ ತೆಗೆದುಕೊಳ್ಳಿ. ಡಿಪಾಸಿಟ್ ವಾಪಸ್ ಬರುತ್ತದೆ, ಆ ಕಾಗದ ತೋರಿಸಿದರೆ ಇಲ್ಲಿ ಸಂಪರ್ಕ ಕೊಡುತ್ತಾರೆ. ಆದರೆ ಇಲ್ಲಿ ಈಗಿನ ದರದಲ್ಲಿ ಡಿಪಾಸಿಟ್ ಕಟ್ಟಬೇಕು.

ಗದಗಿನವ: ಅಕ್ಕ ಹೇಳಿದ್ದೆಲ್ಲ ಸರಿ, ಆದರೆ ನನ್ನ ದುಡ್ಡು ಹೋದದ್ದು ಲಾರಿಯವರ ಕೈಯಲ್ಲಿ. ಫೋನಲ್ಲಿ 14,000 ಅಂದರು. ಸಾಮಾನು ಹತ್ತಿಸಿದ ಮೇಲೆ ಪ್ಯಾಕಿಂಗ್ ಬೇರೆ ಅಂತ 2,200, ಇಲ್ಲಿ ಮೂರನೇ ಮಹಡಿಗೆ ಹೊರಲು 1,800. ಲಿಫ್ಟ್ ಇತ್ತು, ಸೊಸೈಟಿಯವರು ಸಾಮಾನಿಗೆ ಬಿಡಲಿಲ್ಲ. ಅದು ಪಾರ್ಟ್ ಲೋಡ್. ಬೇರೆಯವರ ಸಾಮಾನೂ ತುಂಬಲಿ ಅಂತ ಬೆಳಗಾವಿಯಲ್ಲಿ ನಿಲ್ಲಿಸಿಕೊಂಡರು, ನಾವು ಬರಿ ನೆಲದ ಮೇಲೆ ಮಲಗಿದೆವು. ಫ್ರಿಜ್ ಬಾಗಿಲ ಕೆಳಮೂಲೆ ಒಳಗೆ ನೆಗ್ಗಿತ್ತು, ರಬ್ಬರ್ ಬಿಟ್ಟುಕೊಂಡು ಈಗಲೂ ನೀರು ಸೋರುತ್ತದೆ. ಕೇಳಿದರೆ ರಸೀದಿಯಲ್ಲಿ "ಓನರ್ಸ್ ರಿಸ್ಕ್" ಅಂತಿದೆ ನೋಡಿ, ಹಾನಿಯಾದರೆ ಹೊಣೆ ನಿಮ್ಮದೇ ಅಂದರು. ಗಾಡಿ ಹೊರಡುವ ಮುಂಚೆ ಪ್ರತಿ ಸಾಮಾನಿನ ಫೋಟೋ ತೆಗೆದಿಟ್ಟು, ಪಟ್ಟಿ ಮೇಲೆ ಅವರ ಸಹಿ ಹಾಕಿಸಿ. ವಿಮೆ ಅಂದರೆ ಪಾಲಿಸಿ ಕಾಗದವನ್ನೇ ಕೇಳಿ, ಬಾಯಿಮಾತು ಬೇಡ.

ರಾಣೇಬೆನ್ನೂರು ಗಾಡಿ: ಇದಕ್ಕೇ ನಾನು ಎಲ್ಲ ಮಾರಿ ಬಂದೆ. ಎರಡು ಸೂಟ್‌ಕೇಸು, ಒಂದು ಮಿಕ್ಸಿ, ಅಷ್ಟೇ. ಹಳೇ ಫ್ರಿಜ್‌ಗೆ ಅಷ್ಟು ಬಾಡಿಗೆ ಕೊಡೋದು ಯಾಕೆ? ಸ್ಕೂಟರ್ ಮಾತ್ರ ರೈಲಿನಲ್ಲಿ ಹಾಕಿದೆ. ಆರ್‌ಸಿ, ವಿಮೆ, ಐಡಿ ಪ್ರತಿ ಬೇಕು, ಪೆಟ್ರೋಲ್ ಪೂರ್ತಿ ಖಾಲಿ ಮಾಡಬೇಕು. ಬಂದ ಕೂಡಲೇ ಬಿಡಿಸಿಕೊಳ್ಳಿ, ತಡವಾದರೆ ದಂಡ ಬೀಳುತ್ತದೆ. ನಂಬರ್ ಚಿಂತೆ ಬೇಡ, ಎಲ್ಲ ರಾಜ್ಯದಲ್ಲೂ ನಡೆಯುವ ಬಿಎಚ್ ಸೀರೀಸ್ ನಂಬರ್ ತಗೊಳ್ಳಿ, ಮುಗಿಯಿತು.

ಬಾಣೇರ್ ಅಕ್ಕ: ಬಿಎಚ್ ಎಲ್ಲರಿಗೂ ಸಿಗುವುದಿಲ್ಲ ತಮ್ಮ. ಖಾಸಗಿ ಕಂಪನಿಯಾದರೆ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಆಫೀಸ್ ಇರಬೇಕು, ಕಂಪನಿಯವರು ಫಾರ್ಮ್ 60ರಲ್ಲಿ ಕೆಲಸದ ಪ್ರಮಾಣಪತ್ರ ಕೊಡಬೇಕು. ಇಲ್ಲದಿದ್ದರೆ 12 ತಿಂಗಳು ಕೆಎ ನಂಬರಲ್ಲೇ ಓಡಿಸಬಹುದು. ಅದಕ್ಕಿಂತ ಜಾಸ್ತಿ ಇರುವುದಾದರೆ ಹುಬ್ಬಳ್ಳಿ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ ತಂದು ಇಲ್ಲಿ ಮರುನೋಂದಣಿ ಮಾಡಿಸಿ, ತೆರಿಗೆ ಕಟ್ಟಬೇಕು. ಸಾಲ ಬಾಕಿ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು.

ರಾಣೇಬೆನ್ನೂರು ಗಾಡಿ: ನನಗೆ ಸಿಕ್ಕಿದೆ ಅಲ್ವಾ ಅಕ್ಕ, ಸುಮ್ನೆ ಹೆದರಿಸಬೇಡಿ.

ಗದಗಿನವ: ನಿಮ್ಮ ಕಂಪನಿ ದೊಡ್ಡದು, ಸಿಕ್ಕಿತು. ಎಲ್ಲರದೂ ಹಾಗಿರುತ್ತಾ? ಇನ್ನು ಎಲ್ಲ ಮಾರಿ ಬನ್ನಿ ಅಂತೀರಲ್ಲ, ಮಗು ಇರುವ ಮನೆಯಲ್ಲಿ ವಾಷಿಂಗ್ ಮಷಿನ್ ಇಲ್ಲದೆ ಹೇಗೆ ನಡೆಯುತ್ತದೆ?

ರಾಣೇಬೆನ್ನೂರು ಗಾಡಿ: ಬಾಡಿಗೆಗೆ ಸಿಗುತ್ತವೆ. ನೀವು 18,000 ಕೊಟ್ಟು ನೆಗ್ಗಿದ ಫ್ರಿಜ್ ತಂದಿದ್ದೀರಿ, ನನಗೆ ಹೇಳಬೇಡಿ.

ಗದಗಿನವ: ಅದು ನಮ್ಮ ತಾಯಿ ಕೊಡಿಸಿದ ಫ್ರಿಜ್. ಬೆಲೆ ಕಟ್ಟಲು ನೀವು ಯಾರು?

ನಿಪ್ಪಾಣಿ ಮಾವ: ಜಗಳ ಬಿಡಿ. ಅಕ್ಕಿ, ಜೋಳ ಊರಿಂದಲೇ ತನ್ನಿ, ನಾನು ಪ್ರತಿ ಸಲ ಬಸ್ಸಿನಲ್ಲಿ ಹಾಕಿಸುತ್ತೇನೆ. ಮಗುವಿನ ಲಸಿಕೆ ಕಾರ್ಡ್ ಸಾಮಾನಿನ ಜೊತೆ ಲಾರಿಗೆ ಹಾಕಬೇಡಿ, ಕೈಚೀಲದಲ್ಲಿ ಇರಲಿ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಅಕ್ಕ, ಸ್ಕೂಟರ್ ಸಾಲ ಇನ್ನೂ ಬಾಕಿ ಇದೆ. ಒಪ್ಪಿಗೆ ಪತ್ರ ಹುಬ್ಬಳ್ಳಿ ಶಾಖೆಯಲ್ಲೇ ಕೇಳಬೇಕಾ, ಪುಣೆಯಲ್ಲೂ ಕೊಡುತ್ತಾರಾ?