ಫಾರೆಸ್ಟ್ ಪ್ಲಾಟ್‌ನಲ್ಲಿ ಒಂದೇ ಸ್ಟಡಿ ದೂರ ಓಡಿಹೋಗಿದೆ, ಶೀಟ್‌ನಲ್ಲಿ ತಪ್ಪು ಸಿಗುತ್ತಿಲ್ಲ

ಹಾಳೆಗಳ_ನಡುವೆ
ಮೂರು ದಿನದಿಂದ ಇದೇ ಗೋಳು. ಮಂಡಿನೋವಿಗೆ ವ್ಯಾಯಾಮ ಎಷ್ಟು ಉಪಯೋಗ ಅನ್ನೋ ಸಿಸ್ಟಮ್ಯಾಟಿಕ್ ರಿವ್ಯೂ. ಒಟ್ಟು 9 ಟ್ರಯಲ್. ಎಂಟು ನೆಟ್ಟಗೆ -0.2 ರಿಂದ -0.7ರ ಒಳಗೆ ಕೂತಿವೆ. ಒಂದು ಮಾತ್ರ -3ರ ಹತ್ತಿರ. ಐ-ಸ್ಕ್ವೇರ್ 91%. ಪ್ರತಿ ಅಂಕಿಯನ್ನೂ ಪಿಡಿಎಫ್ ಪಕ್ಕದಲ್ಲಿಟ್ಟು ಮೂರು ಸಲ ನೋಡಿದ್ದೇನೆ, ಟೈಪಿಂಗ್ ತಪ್ಪು ಇಲ್ಲ.

ಇನ್ನೊಂದು ತಲೆನೋವು: ಅದೇ ಸ್ಟಡಿಗೆ ರಿಸ್ಕ್ ಆಫ್ ಬಯಾಸ್ ಕಾಲಂನಲ್ಲಿ ನಾನು 'ಲೋ' ಹಾಕಿದ್ದೇನೆ, ಜೊತೆಗಾರರು 'ಹೈ' ಹಾಕಿದ್ದಾರೆ. ಇಬ್ಬರೂ ಬೇರೆ ಬೇರೆ ಕೂತು ತುಂಬಿಸಿದ್ದು. ಏನು ಮಾಡಲಿ?

ದಿಕ್ಕು_ನೋಡಿ
ಸ್ಕೇಲ್ ದಿಕ್ಕು. ಬೇರೇನೂ ಅಲ್ಲ. ವೊಮ್ಯಾಕ್‌ನಲ್ಲಿ ಅಂಕ ಏರಿದರೆ ನೋವು ಜಾಸ್ತಿ, ಕೂಸ್‌ನಲ್ಲಿ ಏರಿದರೆ ಪರಿಸ್ಥಿತಿ ಚೆನ್ನಾಗಿದೆ ಅಂತ. ಒಂದನ್ನು ತಿರುಗಿಸೋದು ಮರೆತಿದ್ದೀರಿ.

ಹಾಳೆಗಳ_ನಡುವೆ
ಆ ಸ್ಟಡಿ ವಿಎಎಸ್, 0 ರಿಂದ 10. ತಿರುಗಿಸೋಕೆ ಏನೂ ಇಲ್ಲ.

ದಿಕ್ಕು_ನೋಡಿ
ವಿಎಎಸ್ ಅನ್ನೂ ಕೆಲವರು ಉಲ್ಟಾ ಬರೆಯುತ್ತಾರೆ. ಮೆಥಡ್ಸ್ ಭಾಗ ಮತ್ತೆ ಓದಿ.

ನಿಧಾನಸ್ಥ
ದಿಕ್ಕು ತಪ್ಪಿದ್ದರೆ ಆ ಚುಕ್ಕೆ ಗೆರೆಯ ಆಚೆ ಹಾರುತ್ತಿತ್ತು, +0.5 ಆಗುತ್ತಿತ್ತು. ಅದೇ ಕಡೆ ಇದ್ದುಕೊಂಡು ಆರು ಪಟ್ಟು ಉದ್ದ ಆಗುವುದಿಲ್ಲ. ಆ ಸಾಲನ್ನು ಇದ್ದಂತೆಯೇ ಇಲ್ಲಿ ಹಾಕಿ. ಪೇಪರ್‌ನಲ್ಲಿ ಕೊಟ್ಟ ಪಿ ವ್ಯಾಲ್ಯೂ ಕೂಡ ಬೇಕು.

ಎರಡು_ಮಾನಿಟರ್
ನಾನಾಗಿದ್ದರೆ ಆ ಸ್ಟಡಿಯನ್ನೇ ತೆಗೆದು ಹಾಕುತ್ತಿದ್ದೆ, ಔಟ್‌ಲೈಯರ್. ಅಂದಹಾಗೆ ಎಕ್ಸೆಲ್ ಯಾಕೆ? ನಾನು ರೆಡ್‌ಕ್ಯಾಪ್‌ನಲ್ಲಿ ಫಾರ್ಮ್ ಮಾಡಿಕೊಂಡಿದ್ದೇನೆ. ಎಡಗಡೆ ಪರದೆಯಲ್ಲಿ ಪಿಡಿಎಫ್, ಬಲಗಡೆ ಫಾರ್ಮ್. ಕಡ್ಡಾಯ ಅಂತ ಗುರುತು ಮಾಡಿದ ಒಂದು ಕ್ಷೇತ್ರ ಖಾಲಿ ಬಿಟ್ಟರೂ ಎಚ್ಚರಿಕೆ ಬರುತ್ತೆ.

ನಿಧಾನಸ್ಥ
ಖಾಲಿ ಇರೋದಕ್ಕಿಂತ ತಪ್ಪು ಅಂಕಿ ತುಂಬಿರೋದೇ ಇಲ್ಲಿನ ತೊಂದರೆ. ಅದನ್ನು ನಿಮ್ಮ ಫಾರ್ಮೂ ಹಿಡಿಯಲ್ಲ. ಮತ್ತೆ, ಯಾಕೆ ದೂರ ಇದೆ ಅಂತ ಗೊತ್ತಾಗದೆ ಸ್ಟಡಿ ತೆಗೆಯೋದು ಬೇಡ.

ಹಾಳೆಗಳ_ನಡುವೆ
ವ್ಯಾಯಾಮದ ಗುಂಪು: 36 ಜನ, 3.1 (0.4). ಕಂಟ್ರೋಲ್: 36 ಜನ, 4.3 (0.4). ಪಿ = 0.04. ಬ್ರಾಕೆಟ್ಟಿನ ಅಂಕಿ `sd` ಕಾಲಂಗೆ ಹಾಕಿದ್ದೇನೆ, ಎಲ್ಲ ಪೇಪರ್‌ನಲ್ಲೂ ಹಾಗೇ ಅಲ್ವಾ. ಬೇರೆ ಬೇರೆ ಸ್ಕೇಲ್ ಇರೋದರಿಂದ ಎಸ್‌ಎಂಡಿ ತೆಗೆದಿದ್ದೇನೆ, ಅದನ್ನು ಮೊದಲೇ ಹೇಳಬೇಕಿತ್ತು.

ನಿಧಾನಸ್ಥ
ಸಿಕ್ಕಿತು. ಹತ್ತು ಅಂಕದ ನೋವಿನ ಸ್ಕೇಲ್‌ನಲ್ಲಿ 36 ಜನರ ಎಸ್‌ಡಿ ಬರೀ 0.4 ಅಂದರೆ ಹೆಚ್ಚುಕಮ್ಮಿ ಎಲ್ಲರೂ ಒಂದೇ ಅಂಕ ಹೇಳಿದ ಹಾಗಾಯಿತು. ನೋವು ಹಾಗಿರಲ್ಲ. ಉಳಿದ ವಿಎಎಸ್ ಸ್ಟಡಿಗಳಲ್ಲಿ ಎಷ್ಟಿದೆ ನೋಡಿ, 2ರ ಆಸುಪಾಸು ಇರಬೇಕು.

ಪಿ ವ್ಯಾಲ್ಯೂ ಇಟ್ಟುಕೊಂಡು ಪರೀಕ್ಷೆ ಮಾಡಿ. 0.4 ಎಸ್‌ಡಿ ಆಗಿದ್ದರೆ, ವ್ಯತ್ಯಾಸ 1.2 ಭಾಗಿಸು 0.094, ಟಿ ಸುಮಾರು 12.7 ಬರುತ್ತೆ. ಅಷ್ಟು ದೊಡ್ಡ ಟಿಗೆ ಪಿ 0.04 ಆಗಿರೋದು ಸಾಧ್ಯವೇ ಇಲ್ಲ. ಈಗ 0.4 ಅನ್ನು ಎಸ್‌ಇ ಅಂತ ಇಟ್ಟುಕೊಳ್ಳಿ. 36ರ ವರ್ಗಮೂಲ 6, ಹಾಗಾಗಿ ಎಸ್‌ಡಿ 2.4. ವ್ಯತ್ಯಾಸದ ಎಸ್‌ಇ 0.566, ಟಿ 2.12, ಪಿ 0.04ರ ಹತ್ತಿರ. ಪೇಪರ್ ಹೇಳಿದ್ದೂ ಅದೇ. ಎಸ್‌ಎಂಡಿ ಆಗ -3 ಅಲ್ಲ, -0.5.

```
=E7*SQRT(D7)
```

`D7` ಅಲ್ಲಿ ಆ ಗುಂಪಿನ ಜನ, `E7` ಅಲ್ಲಿ ಎಸ್‌ಇ. ಗುಂಪಿನ ಸಂಖ್ಯೆ ಹಾಕಿ, ಒಟ್ಟು 72 ಹಾಕಬೇಡಿ. ಟೇಬಲ್ ಕೆಳಗಿನ ಸಣ್ಣ ಅಕ್ಷರ ಓದಿದ್ದೀರಾ?

ಹಾಳೆಗಳ_ನಡುವೆ
ಓದಿರಲಿಲ್ಲ. ಟೇಬಲ್ ಎರಡು ಪುಟಕ್ಕೆ ಹರಡಿದೆ, ಅಡಿಟಿಪ್ಪಣಿ ಎರಡನೇ ಪುಟದಲ್ಲಿ. "ಮೀನ್ ± ಎಸ್‌ಇಎಂ" ಅಂತ ಇರುವೆ ಗಾತ್ರದಲ್ಲಿ. ಮೂರು ಸಲ ಅಂಕಿ ನೋಡಿದೆ, ಅದು ಯಾವ ಅಂಕಿ ಅಂತ ಒಂದು ಸಲವೂ ನೋಡಲಿಲ್ಲ. ಸರಿಪಡಿಸಿದೆ, ಐ-ಸ್ಕ್ವೇರ್ 24%ಗೆ ಇಳಿಯಿತು. ದೊಡ್ಡ ಥ್ಯಾಂಕ್ಸ್.

ನಿಧಾನಸ್ಥ
ಪೇಪರ್‌ನಲ್ಲಿ ಇದ್ದದ್ದು ಒಂದು ಕಾಲಂ, ಅದು ಎಸ್‌ಡಿಯೋ ಎಸ್‌ಇಯೋ ಕಾನ್ಫಿಡೆನ್ಸ್ ಇಂಟರ್ವಲ್ಲೋ ಅಂತ ಪಕ್ಕದಲ್ಲಿ ಇನ್ನೊಂದು ಕಾಲಂ, ಲೆಕ್ಕ ಹಾಕಿದ ಎಸ್‌ಡಿ ಮೂರನೆಯದು. ಮೂಲ ಅಂಕಿಯ ಮೇಲೆ ಬರೆಯಬೇಡಿ. ಪುಟ ಸಂಖ್ಯೆಯೂ ಇರಲಿ.

ದಿಕ್ಕು_ನೋಡಿ
ಆದರೂ ಒಂದು ಸಲ ದಿಕ್ಕು ನೋಡಿಕೊಳ್ಳಿ.

ಅಂಚಿನ_ಟಿಪ್ಪಣಿ
ಬಯಾಸ್ ಪ್ರಶ್ನೆಯನ್ನು ಎಲ್ಲರೂ ಮರೆತಿರಿ. ಹಾಳೆಗಳ_ನಡುವೆ ಅವರೇ, ನಿಮ್ಮ ಡ್ರಾಪ್‌ಡೌನ್‌ನಲ್ಲಿ ಯಾವ ಆಯ್ಕೆಗಳಿವೆ? ಜೊತೆಗಾರರು ಯಾವ ಔಟ್‌ಕಮ್ ನೋಡಿ 'ಹೈ' ಹಾಕಿದರು?

ಹಾಳೆಗಳ_ನಡುವೆ
ಲೋ, ಅನ್‌ಕ್ಲಿಯರ್, ಹೈ. ಪ್ರೋಟೋಕಾಲ್‌ನಲ್ಲಿ ರಾಬ್ 2 ಅಂತ ಬರೆದಿದ್ದೇವೆ. ಅವರನ್ನು ಕೇಳಿದೆ: ನೋವಿನ ಅಂಕ ನೋಡಿ ಹಾಕಿದ್ದಂತೆ. ನಾನು ಆರು ನಿಮಿಷದ ನಡಿಗೆ ಪರೀಕ್ಷೆ ನೋಡಿದ್ದೆ. ಅದನ್ನು ಅಳೆದವರಿಗೆ ಯಾರು ಯಾವ ಗುಂಪು ಅಂತ ಗೊತ್ತಿರಲಿಲ್ಲ.

ಅಂಚಿನ_ಟಿಪ್ಪಣಿ
ಹಾಗಾದರೆ ನೀವಿಬ್ಬರೂ ಜಗಳ ಆಡುವ ವಿಷಯವೇ ಇಲ್ಲ, ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಟ್ಟಿದ್ದೀರಿ. 'ಅನ್‌ಕ್ಲಿಯರ್' ಹಳೆಯ ಟೂಲ್‌ನದು. 2019ರ ರಾಬ್ 2ರಲ್ಲಿ ಆ ಜಾಗಕ್ಕೆ 'ಸಮ್ ಕನ್ಸರ್ನ್ಸ್' ಬಂದಿದೆ. ಅದಕ್ಕಿಂತ ಮುಖ್ಯ, ಅದರಲ್ಲಿ ತೀರ್ಪು ಇಡೀ ಸ್ಟಡಿಗೆ ಕೊಡೋದಲ್ಲ, ಒಂದೊಂದು ಫಲಿತಾಂಶಕ್ಕೆ. ನಿಮ್ಮ ಶೀಟ್‌ನಲ್ಲಿ ಒಂದು ಸ್ಟಡಿಗೆ ಒಂದೇ ಸಾಲು ಇದೆ ಅಂತ ಕಾಣುತ್ತೆ. ಸ್ಟಡಿ ಡಿಸೈನ್‌ಗೆ ಅದು ಸಾಕು. ಔಟ್‌ಕಮ್ ಮತ್ತು ಬಯಾಸ್‌ಗೆ ಇನ್ನೊಂದು ಹಾಳೆ ಮಾಡಿ: ಒಂದು ಔಟ್‌ಕಮ್, ಒಂದು ಸಮಯ, ಒಂದು ಸಾಲು. ಎರಡು ಹಾಳೆಗೂ `study_id` ಕೊಂಡಿ.

ಈ ಸ್ಟಡಿಯಲ್ಲಿ ವ್ಯಾಯಾಮ ಮಾಡಿದವರಿಗೆ ತಾವು ಮಾಡಿದ್ದು ಗೊತ್ತೇ ಇದೆ, ನೋವಿನ ಅಂಕ ಹೇಳೋರೂ ಅವರೇ. ಹಾಗಾಗಿ ಔಟ್‌ಕಮ್ ಅಳತೆಯ ಡೊಮೇನ್‌ನಲ್ಲಿ ನೋವಿಗೂ ನಡಿಗೆಗೂ ಬೇರೆ ತೀರ್ಪು ಬರಬಹುದು. ರ‍್ಯಾಂಡಮೈಸೇಷನ್ ಡೊಮೇನ್ ಮಾತ್ರ ಎರಡಕ್ಕೂ ಸಾಮಾನ್ಯವಾಗಿ ಒಂದೇ.

ಎರಡು_ಮಾನಿಟರ್
ನಮ್ಮ ರಿವ್ಯೂನಲ್ಲಿ ಬ್ಲೈಂಡ್ ಆಗದ ನೋವಿನ ಅಂಕಕ್ಕೆಲ್ಲ ಕಣ್ಣುಮುಚ್ಚಿ 'ಹೈ' ಹಾಕಿದೆವು. ಯಾರೂ ಕೇಳಲಿಲ್ಲ.

ಅಂಚಿನ_ಟಿಪ್ಪಣಿ
ಯಾರೂ ಕೇಳಲಿಲ್ಲ ಅಂದರೆ ಸರಿ ಅಂತಲ್ಲ. ಪ್ರಶ್ನೆ ಎರಡು ಹಂತದ್ದು: ಗುಂಪು ಗೊತ್ತಿದ್ದದ್ದು ಅಂಕದ ಮೇಲೆ ಪರಿಣಾಮ ಬೀರಬಹುದಾ, ಬೀರಿರುವ ಸಾಧ್ಯತೆ ಜಾಸ್ತಿ ಇದೆಯಾ. ಮೊದಲನೆಯದಕ್ಕೆ ಮಾತ್ರ ಹೌದು ಅಂದರೆ 'ಸಮ್ ಕನ್ಸರ್ನ್ಸ್'. ಎರಡಕ್ಕೂ ಹೌದು ಅಂದರೆ 'ಹೈ'. ಕಂಟ್ರೋಲ್ ಗುಂಪಿಗೆ ಏನು ಕೊಟ್ಟಿದ್ದರು?

ಹಾಳೆಗಳ_ನಡುವೆ
ಏನೂ ಇಲ್ಲ, ವೇಟಿಂಗ್ ಲಿಸ್ಟ್.

ಅಂಚಿನ_ಟಿಪ್ಪಣಿ
ಹಾಗಿದ್ದರೆ ನಾನು 'ಹೈ' ಕಡೆ ವಾಲುತ್ತೇನೆ. ಬೇರೆ ಚಿಕಿತ್ಸೆ ಕೊಟ್ಟಿದ್ದರೆ 'ಸಮ್ ಕನ್ಸರ್ನ್ಸ್' ಅನ್ನುತ್ತಿದ್ದೆ.

ನಿಧಾನಸ್ಥ
ನಾನು ಒಪ್ಪಲ್ಲ. ವೇಟಿಂಗ್ ಲಿಸ್ಟ್ ಅಂದ ತಕ್ಷಣ 'ಹೈ' ಅಂದರೆ ಅದೂ ಕಣ್ಣುಮುಚ್ಚಿ ಹಾಕಿದ ಹಾಗೇ. ಪೇಪರ್‌ನಿಂದ ಒಂದು ವಾಕ್ಯ ಎತ್ತಿ ಕಾರಣದ ಕಾಲಂನಲ್ಲಿ ಬರೆಯೋಕೆ ಆಗಬೇಕು.

ಅಂಚಿನ_ಟಿಪ್ಪಣಿ
ಕಾರಣ ಬರೆಯಬೇಕು ಅನ್ನೋದು ಸರಿ. ಆದರೆ "ನಮ್ಮ ರೋಗಿಗಳಿಗೆ ನಿರೀಕ್ಷೆ ಜಾಸ್ತಿ ಇತ್ತು" ಅಂತ ಯಾವ ಪೇಪರೂ ಬರೆದುಕೊಳ್ಳಲ್ಲ. ಅಲ್ಲಿ ತೀರ್ಪು ನಮ್ಮದೇ.

ಹಾಳೆಗಳ_ನಡುವೆ
ನಾವಿಬ್ಬರು ಕೂತು ಮಾತಾಡುತ್ತೇವೆ, ಒಮ್ಮತ ಆಗದಿದ್ದರೆ ಮೂರನೆಯವರನ್ನು ಕೇಳುತ್ತೇವೆ.

ಇವತ್ತು ಹೊಸ ಹಾಳೆಗೆ ಸಾಗಿಸುವಾಗ ಕಂಡದ್ದು: ನೋವಿನ ಕಡೆ ಎಲ್ಲ ಸರಿ, ಆದರೆ ದೈನಂದಿನ ಕೆಲಸದ ಔಟ್‌ಕಮ್‌ನಲ್ಲಿ ಒಂದು ಕೂಸ್ ಸಾಲನ್ನು ತಿರುಗಿಸಿರಲೇ ಇಲ್ಲ.

ದಿಕ್ಕು_ನೋಡಿ
😌

ಹಾಳೆಗಳ_ನಡುವೆ
ಸರಿ, ಒಪ್ಪಿದೆ. ಈಗ ಕೊನೆಯದು. ಒಂದು ಸ್ಟಡಿ ಕೊನೆಯ ಅಂಕ ಕೊಟ್ಟೇ ಇಲ್ಲ, ಶುರುವಿನಿಂದ ಎಷ್ಟು ಬದಲಾಯಿತು ಅಂತ ಮಾತ್ರ ಕೊಟ್ಟಿದೆ. ಎಸ್‌ಡಿಯೂ ಬದಲಾವಣೆಯದೇ. ಇದನ್ನೂ ಉಳಿದವುಗಳ ಜೊತೆ ಸೇರಿಸಿದ್ದೇನೆ, ತಪ್ಪಾ?

ನಿಧಾನಸ್ಥ
ಎಸ್‌ಎಂಡಿಯಲ್ಲಿ ಬೆರೆಸಬೇಡಿ. ಬದಲಾವಣೆಯ ಎಸ್‌ಡಿ, ಕೊನೆಯ ಅಂಕದ ಎಸ್‌ಡಿ ಎರಡೂ ಬೇರೆ ವಸ್ತು, ಅದರಿಂದ ಭಾಗಿಸಿದರೆ ಅಳತೆಗೋಲೇ ಬದಲಾಗುತ್ತೆ. ಎಲ್ಲ ಒಂದೇ ಸ್ಕೇಲ್‌ನಲ್ಲಿದ್ದು ನೇರ ವ್ಯತ್ಯಾಸ ತೆಗೆದಿದ್ದರೆ ಬೆರೆಸಬಹುದಿತ್ತು. ಲೇಖಕರಿಗೆ ಮೇಲ್ ಹಾಕಿ ಕೊನೆಯ ಅಂಕ ಕೇಳಿ.

ಹಾಳೆಗಳ_ನಡುವೆ
ಹಾಕಿದೆ. ಆ ವಿಳಾಸ ಈಗ ಇಲ್ಲ ಅಂತ ವಾಪಸ್ ಬಂತು. ಶುರುವಿನ ಎಸ್‌ಡಿ ಟೇಬಲ್ 1ರಲ್ಲಿದೆ, ಅದನ್ನೇ ಕೊನೆಯದಕ್ಕೂ ಹಾಕಿದರೆ ನಡೆಯುತ್ತಾ? ಯಾರಾದರೂ ಮಾಡಿದ್ದೀರಾ?

ಎರಡು_ಮಾನಿಟರ್
ಇದು ಬೇರೆ ಥ್ರೆಡ್ ಆಗಬೇಕು. ಯಾರಿಗಾದರೂ ನನ್ನ ರೆಡ್‌ಕ್ಯಾಪ್ ಫಾರ್ಮ್ ಬೇಕಿದ್ದರೆ ಹೇಳಿ.